ಹಿರಿಯರ ಜತೆ ಧರ್ಮಸ್ಥಳಕ್ಕೆ ನಡೆಯುವುದಾದರೆ ದಿನಕ್ಕೆ ಎಷ್ಟು ಕಿಲೋಮೀಟರ್?

ಮಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 75 ಕಿಲೋಮೀಟರ್. ಹುಡುಗರು ಗುಂಪು ಕಟ್ಟಿಕೊಂಡು ಹೊರಟರೆ ಎರಡು ಮೂರು ದಿನದಲ್ಲಿ ಮುಟ್ಟುತ್ತಾರೆ. ಮನೆಯ ಹಿರಿಯರು "ನಾನೂ ಬರ್ತೇನೆ, ಹರಕೆ ಉಂಟು" ಅಂದಾಗ ನಾವು ಸಾಮಾನ್ಯವಾಗಿ ಮಾಡುವುದು ಅದೇ ಲೆಕ್ಕವನ್ನು ಸ್ವಲ್ಪ ಎಳೆಯುವುದು: ಮೂರರ ಬದಲು ನಾಲ್ಕು ದಿನ, ದಿನಕ್ಕೆ 19 ಕಿಲೋಮೀಟರ್, ಆಯ್ತಲ್ಲ. ಆಗುವುದಿಲ್ಲ ಮಾರಾಯ್ರೆ. ಮೊದಲ ದಿನ ಹುಮ್ಮಸ್ಸಿನಲ್ಲಿ ಹೇಗೋ ಆಗುತ್ತದೆ. ಎರಡನೇ ದಿನ ಬಿ.ಸಿ.ರೋಡ್ ದಾಟುವಷ್ಟರಲ್ಲಿ ಯಾರಾದರೂ ಒಬ್ಬರು ಕುಂಟುತ್ತಿರುತ್ತಾರೆ.

ಒಟ್ಟು ದೂರವನ್ನು ದಿನಗಳಿಂದ ಭಾಗಿಸಿದ್ದೇ ತಪ್ಪು. ಲೆಕ್ಕ ತಿರುಗಿಸಿ ಹಾಕಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಹಿರಿಯರು ದಿನಕ್ಕೆ ಎಷ್ಟು ಗಂಟೆ ರಸ್ತೆಯಲ್ಲಿರಬಹುದು ಎನ್ನುವುದು ಮೊದಲ ಪ್ರಶ್ನೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರು ಆ ಗಂಟೆಗಳಲ್ಲಿ ಎಷ್ಟು ದೂರ ಹೋಗುತ್ತಾರೆ ಎನ್ನುವುದು ಎರಡನೆಯದು. ದಿನ ಎಷ್ಟು ಬೇಕು ಎನ್ನುವುದು ಕೊನೆಗೆ ತಾನಾಗಿ ಸಿಗುವ ಉತ್ತರ, ರಜೆ ಎಷ್ಟು ಸಿಕ್ಕಿದೆ ಎಂದು ನೋಡಿ ಮೊದಲೇ ಬರೆದಿಡುವುದಲ್ಲ.

ಲೆಕ್ಕಕ್ಕೆ ಒಂದು ಮನೆಯವರನ್ನು ಇಟ್ಟುಕೊಳ್ಳೋಣ. ಮಾವನಿಗೆ 71 ವರ್ಷ, ಬಿಪಿ ಇದೆ, ಮಾತ್ರೆಯಲ್ಲಿ ಮೂತ್ರ ಜಾಸ್ತಿ ಹೋಗುವ ಔಷಧವೂ ಸೇರಿದೆ. ದೊಡ್ಡಮ್ಮನಿಗೆ 66, ಶುಗರ್ ಇದೆ, ಬಲಗಾಲಿನ ಗಂಟು ನೋವು. ಜತೆಗೆ ಇಬ್ಬರು ಚಿಕ್ಕ ಪ್ರಾಯದವರು, ಒಬ್ಬರು ನಡೆಯಲು, ಒಬ್ಬರು ಕಾರಿಗೆ. ಹೊರಡುವುದು ಕದ್ರಿ ದೇವಸ್ಥಾನದಿಂದ, ಶಿವರಾತ್ರಿಗೆ ಮುಂಚೆ, ಅಂದರೆ ಫೆಬ್ರವರಿಯ ಬಿಸಿಲಿನಲ್ಲಿ.

ಮೊದಲು ವೇಗ. ಆರೋಗ್ಯವಾಗಿರುವ ಚಿಕ್ಕ ಪ್ರಾಯದವರು ಗಂಟೆಗೆ 5 ಕಿಲೋಮೀಟರ್ ಆರಾಮಾಗಿ ನಡೆಯುತ್ತಾರೆ. ಎಪ್ಪತ್ತರ ಆಸುಪಾಸಿನವರು ದಿನಗಟ್ಟಲೆ ನಡೆಯುವಾಗ 3 ಕಿಲೋಮೀಟರ್ ಹಿಡಿಯುವುದು ಕ್ಷೇಮ. ಆದರೆ ನನ್ನ ಮಾತು ನಂಬಿ ಹೊರಡಬೇಡಿ, ಅಳೆದು ನೋಡಿ. ಹೊರಡುವ ಒಂದು ತಿಂಗಳ ಮೊದಲು ಒಂದು ಶನಿವಾರ ಮತ್ತು ಮರುದಿನ ಭಾನುವಾರ, ಎರಡೂ ಬೆಳಿಗ್ಗೆ, ಒಂದೇ 6 ಕಿಲೋಮೀಟರ್ ನಡೆಸಿ. ಯಾತ್ರೆಗೆ ಹಾಕುವ ಚಪ್ಪಲಿ ಅಥವಾ ಶೂ ಹಾಕಿಯೇ ನಡೆಸಿ. ಮಂಗಳಾ ಸ್ಟೇಡಿಯಂನ ಟ್ರ್ಯಾಕ್ ಇದಕ್ಕೆ ಸಾಲದು, ಅಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲ. ಮಂಗಳೂರಿನಲ್ಲಿ ಗುಡ್ಡೆಗೇನೂ ಬರವಿಲ್ಲ, ಕದ್ರಿ ಕಡೆಯ ಏರಿಳಿತದ ರಸ್ತೆಯೇ ಸಾಕು.

ನೋಡಬೇಕಾದದ್ದು ಭಾನುವಾರದ ಸಮಯವನ್ನು. ಶನಿವಾರ ಎಲ್ಲರೂ ಚೆನ್ನಾಗಿ ನಡೆಯುತ್ತಾರೆ. ಅಭ್ಯಾಸ ಇಲ್ಲದ ದೂರ ನಡೆದಾಗ ಸ್ನಾಯುಗಳ ನೋವು ಅದೇ ದಿನ ಪೂರ್ತಿ ಕಾಣಿಸುವುದಿಲ್ಲ, ಒಂದರಿಂದ ಮೂರು ದಿನದೊಳಗೆ ಏರುತ್ತದೆ. ನಮ್ಮ ದೊಡ್ಡಮ್ಮ ಶನಿವಾರ 1 ಗಂಟೆ 50 ನಿಮಿಷದಲ್ಲಿ ಮುಗಿಸಿ ಭಾನುವಾರ 2 ಗಂಟೆ ತೆಗೆದುಕೊಂಡರು ಅಂತಿಟ್ಟುಕೊಳ್ಳಿ. ಹಾಗಾದರೆ ಅವರ ವೇಗ ಗಂಟೆಗೆ 3 ಕಿಲೋಮೀಟರ್, ಮತ್ತು ಇಡೀ ಗುಂಪಿನ ವೇಗವೂ ಅದೇ. ಭಾನುವಾರ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದರೆ, ಕುರ್ಚಿಯಿಂದ ಏಳಲು ಕೈ ಊರಬೇಕಾಗಿ ಬಂದರೆ, ಈ ತಿಂಗಳು ಅಭ್ಯಾಸಕ್ಕೆ ಬೇಕು ಎಂದರ್ಥ. ವಾರಕ್ಕೆ ಮೂರು ನಾಲ್ಕು ದಿನ ನಡೆಸಿ, ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸಿ.

ಇನ್ನು ಗಂಟೆಗಳು. ನಮ್ಮ ಊರಿನ ತೊಂದರೆ ಬರೀ ಬಿಸಿಲಿನದ್ದಲ್ಲ, ಗಾಳಿಯಲ್ಲಿರುವ ತೇವದ್ದು. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುವುದು, ಇಲ್ಲಿ ಅದು ಆರುವುದೇ ಇಲ್ಲ, ಸುಮ್ನೆ ಸುರಿಯುತ್ತದೆ. ಪ್ರಾಯ ಆದವರಿಗೆ ಬೆವರುವುದೂ ಕಡಿಮೆ, ಬಾಯಾರಿಕೆ ಗೊತ್ತಾಗುವುದೂ ತಡ. ಅದಕ್ಕೇ ಬೆಳಿಗ್ಗೆ 5ರಿಂದ 9:30ರವರೆಗೆ ಒಂದು ಪಾಳಿ, ಸಂಜೆ 4:30ರಿಂದ 6:30ರವರೆಗೆ ಇನ್ನೊಂದು, ನಡುವೆ ರಸ್ತೆಗೆ ಇಳಿಯುವುದೇ ಇಲ್ಲ. ಫೆಬ್ರವರಿಯಲ್ಲಿ ಬೆಳಕು ಹರಿಯುವುದು ಆರೂವರೆ ಮೇಲೆ, ಹಾಗಾಗಿ ಮೊದಲ ಒಂದೂವರೆ ಗಂಟೆ ಕತ್ತಲಲ್ಲೇ ನಡಿಗೆ. ಹೊಳೆಯುವ ಪಟ್ಟಿಯ ಜಾಕೆಟ್ ಎಲ್ಲರಿಗೂ ಬೇಕು, ಟಾರ್ಚ್ ಬೇಕು. ಎದುರಿಂದ ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಮಾತಾಡುತ್ತಾ ಪಕ್ಕ ಪಕ್ಕ ಹೋಗುವ ಆಸೆ ಎಲ್ಲರಿಗೂ ಇರುತ್ತದೆ, ಹೆದ್ದಾರಿಯಲ್ಲಿ ಅದು ಬೇಡ.

ಈಗ ಎರಡನ್ನೂ ಸೇರಿಸಿ. 45 ನಿಮಿಷ ನಡೆದು 15 ನಿಮಿಷ ಕೂರುವುದು ಎಂದಿಟ್ಟುಕೊಂಡರೆ, ಗಂಟೆಗೆ 3 ಕಿಲೋಮೀಟರಿನ ವೇಗ ನಿಜದಲ್ಲಿ ಎರಡೂಕಾಲು ಆಗುತ್ತದೆ. ಬೆಳಗ್ಗಿನ ನಾಲ್ಕೂವರೆ ಗಂಟೆಗೆ 10 ಕಿಲೋಮೀಟರ್, ಸಂಜೆಯ ಎರಡು ಗಂಟೆಗೆ 4. ಒಟ್ಟು 14. ಇದು ದಿನದ ಗುರಿ ಅಲ್ಲ, ಮಿತಿ. ಯೋಜನೆ ಹಾಕುವಾಗ 10ರಿಂದ 12ಕ್ಕೆ ಹಾಕಬೇಕು, ಉಳಿದದ್ದು ಗುಳ್ಳೆ, ಹೊಟ್ಟೆನೋವು, ದಾರಿಯಲ್ಲಿ ಸಿಗುವ ನೆಂಟರ ಮನೆ ಇದಕ್ಕೆಲ್ಲ ಬೇಕಾಗುತ್ತದೆ. (ನೆಂಟರ ಮನೆಯವರು ಹತ್ತು ನಿಮಿಷ ಅಂತ ಕರೆದರೆ ಒಂದು ಗಂಟೆ ಎಂದೇ ಬರೆದುಕೊಳ್ಳಿ.)

ದಾರಿಯ ಮೇಲೆ ಇದನ್ನು ಇಟ್ಟು ನೋಡೋಣ. ದೂರಗಳೆಲ್ಲ ಸುಮಾರು, ನೀವು ಹೊರಡುವ ಜಾಗದಿಂದ ಫೋನಿನ ಮ್ಯಾಪಿನಲ್ಲಿ ಒಮ್ಮೆ ಅಳೆದುಕೊಳ್ಳಿ. ಮೊದಲ ದಿನ ಕದ್ರಿಯಿಂದ ಪಡೀಲ್, ಅಡ್ಯಾರ್ ಮೇಲೆ ಫರಂಗಿಪೇಟೆ, 13 ಕಿಲೋಮೀಟರ್ ಹತ್ತಿರ. ಮೈ ಹೊಸದಾಗಿರುವ ದಿನ, ದಾರಿಯೂ ಹೆಚ್ಚುಕಮ್ಮಿ ಸಮತಟ್ಟು, ಹಾಗಾಗಿ ಮಿತಿಯ ಹತ್ತಿರ ಹೋದರೂ ಅಡ್ಡಿಯಿಲ್ಲ. ಎರಡನೇ ದಿನ ಫರಂಗಿಪೇಟೆಯಿಂದ ತುಂಬೆ ದಾಟಿ ಬಿ.ಸಿ.ರೋಡ್, 10ರಿಂದ 11. ಬೇಕೆಂದೇ ಕಡಿಮೆ ಮಾಡಿದ್ದು, ನೋವು ಏರುವ ದಿನ ಇದು. ಸಂಜೆ ಪಾಳಿಯನ್ನು ಬಿಟ್ಟರೂ ನಡೆಯುತ್ತದೆ.

ಮೂರನೇ ದಿನ ಬಂಟ್ವಾಳ ಪೇಟೆ ಕಡೆಯಿಂದ ವಗ್ಗಕ್ಕೆ, 10 ಹತ್ತಿರ. ಇಲ್ಲಿಂದ ಏರಿಳಿತ ಶುರು. ಏರಿನಲ್ಲಿ ಮಾವನಿಗೆ ದಮ್ಮು ಕಟ್ಟುತ್ತದೆ, ಇಳಿಜಾರಿನಲ್ಲಿ ದೊಡ್ಡಮ್ಮನ ಗಂಟು ಮಾತಾಡುತ್ತದೆ. ಗಂಟು ನೋವಿನವರಿಗೆ ಏರಿಗಿಂತ ಇಳಿಜಾರೇ ಕಷ್ಟ, ಇದನ್ನು ನಾವು ಮರೆಯುತ್ತೇವೆ. ಕೋಲು ಕೈಯಲ್ಲಿದ್ದರೆ ಇಳಿಯುವಾಗ ಕಾಲಿನ ಭಾರ ಸ್ವಲ್ಪ ಕೈಗೆ ಹೋಗುತ್ತದೆ. ನೋವಿರುವುದು ಬಲಗಾಲಿಗಾದರೆ ಕೋಲು ಎಡಗೈಯಲ್ಲಿರಬೇಕು, ಅದೇ ಬದಿಯಲ್ಲಿ ಹಿಡಿದರೆ ಪ್ರಯೋಜನ ಕಡಿಮೆ.

ನಾಲ್ಕನೇ ದಿನ ವಗ್ಗದಿಂದ ಪುಂಜಾಲಕಟ್ಟೆ ಮೇಲೆ ಮಡಂತ್ಯಾರು, 12. ಐದನೇ ದಿನ ಗುರುವಾಯನಕೆರೆ ದಾಟಿ ಬೆಳ್ತಂಗಡಿ, ಸುಮಾರು ಅಷ್ಟೇ. ಆರನೇ ದಿನ ಬೆಳ್ತಂಗಡಿಯಿಂದ ಉಜಿರೆ, ಬರೀ 6 ಕಿಲೋಮೀಟರ್, ಬೆಳಗ್ಗೆಯೇ ಮುಗಿಯುತ್ತದೆ. ಏಳನೇ ದಿನ ಉಜಿರೆಯಿಂದ ನೇತ್ರಾವತಿ ದಾಟಿ ಧರ್ಮಸ್ಥಳ, 9ರಿಂದ 10. ಆರನೇ ದಿನ ಅರ್ಧ ದಿನ ಖಾಲಿ ಕೂತಂತೆ ಕಾಣಬಹುದು. ಐದು ದಿನದಲ್ಲಿ ಏನಾದರೂ ಹಿಂದೆ ಬಿದ್ದಿದ್ದರೆ ಅದನ್ನು ತುಂಬಿಕೊಳ್ಳುವ ದಿನ ಅದು. ಹಿಂದೆ ಬಿದ್ದಿಲ್ಲವೋ, ಕೊನೆಯ ದಿನಕ್ಕೆ ಕಾಲು ವಿಶ್ರಾಂತಿ ಪಡೆದಿರುತ್ತದೆ.

ಏಳು ದಿನ ಅಂದ ಕೂಡಲೇ "ಇಷ್ಟು ರಾತ್ರಿ ಮಲಗುವುದು ಎಲ್ಲಿ" ಎಂಬ ಪ್ರಶ್ನೆ ಬರುತ್ತದೆ. ನಡೆದು ನಿಲ್ಲಿಸಿದಲ್ಲೇ ಮಲಗಬೇಕೆಂದು ಯಾರೂ ಹೇಳಿಲ್ಲ. ಫರಂಗಿಪೇಟೆಯಲ್ಲಿ ನಿಲ್ಲಿಸಿದ ಮೇಲೆ ಕಾರು ಹತ್ತಿ ಮನೆಗೆ ಬನ್ನಿ, ಸ್ವಂತ ಹಾಸಿಗೆಯಲ್ಲಿ ಮಲಗಿ, ಸ್ವಂತ ಬಚ್ಚಲಲ್ಲಿ ಬಿಸಿನೀರಿನ ಸ್ನಾನ ಮಾಡಿ, ಮರುದಿನ ಅದೇ ಅಂಗಡಿ ಎದುರು ಇಳಿದು ಮುಂದಕ್ಕೆ ನಡೆಯಿರಿ. ನಿಲ್ಲಿಸಿದ ಜಾಗದ ಫೋಟೋ ತೆಗೆದಿಟ್ಟರೆ ಹರಕೆಯವರಿಗೂ ಸಮಾಧಾನ, ಒಂದು ಹೆಜ್ಜೆಯೂ ತಪ್ಪುವುದಿಲ್ಲ. ಎರಡನೇ, ಮೂರನೇ ರಾತ್ರಿಗೂ ಮನೆ ದೂರವಲ್ಲ. ನಾಲ್ಕನೇ ದಿನದಿಂದ ಬೆಳ್ತಂಗಡಿ ಅಥವಾ ಉಜಿರೆಯಲ್ಲಿ ಒಂದೇ ಕಡೆ ರೂಮು ಹಿಡಿದು ಅಲ್ಲಿಂದಲೇ ಹೋಗಿ ಬಂದು ಮಾಡಬಹುದು. ಶಿವರಾತ್ರಿ ಸಮಯದಲ್ಲಿ ಘಟ್ಟದ ಮೇಲಿನಿಂದ ಚಾರ್ಮಾಡಿ ಇಳಿದು ಬರುವ ಪಾದಯಾತ್ರಿಗಳೂ ಉಜಿರೆಯಲ್ಲೇ ಸೇರುತ್ತಾರೆ, ರೂಮು ಮೊದಲೇ ಮಾತಾಡಿಡಬೇಕು. ಕಟ್ಟುನಿಟ್ಟಾಗಿ ದಾರಿಯಲ್ಲೇ ಮಲಗುವ ಹರಕೆ ಇದ್ದವರ ಮಾತು ಬೇರೆ. ಆದರೆ ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿ ಮಲಗಿ ಬೆಳಿಗ್ಗೆ ನಾಲ್ಕಕ್ಕೆ ಏಳುವುದು ಗಂಟು ನೋವಿನವರಿಗೆ ನಡಿಗೆಗಿಂತ ದೊಡ್ಡ ಶಿಕ್ಷೆ.

ಈಗ ವಿಶ್ರಾಂತಿಯ ಜಾಗಗಳು. ಹೆಚ್ಚಿನವರು ನೆರಳು ನೋಡಿ ನಿಲ್ಲಿಸುತ್ತಾರೆ. ನಾನಾದರೆ ಮೊದಲು ನೋಡುವುದು ಟಾಯ್ಲೆಟ್. ಯಾಕೆ ಅಂದರೆ, ಮುಂದಿನ ಟಾಯ್ಲೆಟ್ ಎಲ್ಲಿ ಅಂತ ಗೊತ್ತಿಲ್ಲದ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ದೊಡ್ಡಮ್ಮ ಬಾಯಿಬಿಟ್ಟು ಹೇಳುವುದಿಲ್ಲ, "ಸಾಕು, ಬಾಯಾರಿಕೆ ಇಲ್ಲ" ಅನ್ನುತ್ತಾರೆ. ಮಾವನದ್ದು ಇನ್ನೊಂದು ಉಪಾಯ, ಮೂತ್ರ ಜಾಸ್ತಿ ಆಗುತ್ತದೆ ಅಂತ ಬೆಳಗ್ಗಿನ ಮಾತ್ರೆಯನ್ನೇ ಜೇಬಲ್ಲಿ ಇಟ್ಟುಬಿಡುತ್ತಾರೆ. ಎಂಟು ಗಂಟೆಗೆ ಒಬ್ಬರಿಗೆ ತಲೆ ತಿರುಗುತ್ತದೆ, ಇನ್ನೊಬ್ಬರ ಬಿಪಿ ಏರುತ್ತದೆ, ಎರಡಕ್ಕೂ ಕಾರಣ ಟಾಯ್ಲೆಟ್ ಇಲ್ಲದ್ದು. ಮಾತ್ರೆಯ ಹೊತ್ತು ಬದಲಿಸಬಹುದಾ ಎಂದು ಡಾಕ್ಟರ ಹತ್ತಿರ ಮೊದಲೇ ಕೇಳಿ, ದಾರಿಯಲ್ಲಿ ಸ್ವಂತ ತೀರ್ಮಾನ ಬೇಡ.

ಹಾಗಾಗಿ ಹೊರಡುವ ವಾರದ ಮೊದಲು ಒಂದು ದಿನ ಕಾರಿನಲ್ಲಿ ಇಡೀ ದಾರಿ ಹೋಗಿ ಬನ್ನಿ. ಪ್ರತಿ ಎರಡು ಎರಡೂಕಾಲು ಕಿಲೋಮೀಟರಿಗೆ ಒಂದು ನಿಲುಗಡೆ ಗುರುತು ಹಾಕಿ: ಪೆಟ್ರೋಲ್ ಬಂಕ್, ಹೋಟೆಲ್, ದೇವಸ್ಥಾನ, ಗುರುತಿನವರ ಮನೆ. ಬೆಳಿಗ್ಗೆ ಐದಕ್ಕೆ ಅದು ತೆರೆದಿರುತ್ತದಾ, ಟಾಯ್ಲೆಟ್ ಇಂಡಿಯನ್ನಾ ವೆಸ್ಟರ್ನಾ, ಎರಡೂ ಕೇಳಿಕೊಳ್ಳಿ. ಗಂಟು ನೋವಿನವರು ಇಂಡಿಯನ್‌ನಲ್ಲಿ ಕೂತು ಏಳುವುದು ಕಷ್ಟ. ಬಿ.ಸಿ.ರೋಡಿನವರೆಗೆ ಜಾಗಕ್ಕೆ ಕೊರತೆ ಇಲ್ಲ. ಬಂಟ್ವಾಳ ದಾಟಿದ ಮೇಲೆ ಪೇಟೆಗಳ ನಡುವೆ ಬರೀ ರಸ್ತೆ, ತೋಟ, ಗುಡ್ಡೆ ಇರುವ ಜಾಗ ಬರುತ್ತದೆ. ಅಲ್ಲಿ ಕಾರು ಬೇಕು, ಹಿಂದಿನ ಬಂಕಿಗೋ ಮುಂದಿನ ಪೇಟೆಗೋ ಕರೆದುಕೊಂಡು ಹೋಗಿ ಮತ್ತೆ ಅದೇ ಜಾಗಕ್ಕೆ ತಂದು ಬಿಡಲು.

ಕಾರಿನವರ ಕೆಲಸ ಹಿಂದಿನಿಂದ ಹಾರ್ನ್ ಹಾಕುತ್ತಾ ಬರುವುದಲ್ಲ. ಒಂದು ನಿಲುಗಡೆ ಮುಂದೆ ಹೋಗಿ, ರಸ್ತೆಯಿಂದ ದೂರ ಕುರ್ಚಿ ಹಾಕಿ, ನೀರು ತೆಗೆದಿಟ್ಟು ಕಾಯುವುದು. ಕುರ್ಚಿ ಅಂದೆ, ಚಾಪೆ ಅಲ್ಲ. ನೆಲದಲ್ಲೋ ತಗ್ಗಿನ ಕಟ್ಟೆಯಲ್ಲೋ ಕೂತರೆ ಏಳುವಾಗಲೇ ಅರ್ಧ ಶಕ್ತಿ ಹೋಗುತ್ತದೆ. ಕೈಯಿರುವ ಎರಡು ಪ್ಲಾಸ್ಟಿಕ್ ಕುರ್ಚಿ ಡಿಕ್ಕಿಯಲ್ಲಿದ್ದರೆ ಅರ್ಧ ಸಮಸ್ಯೆ ಮುಗಿಯಿತು.

ವಿಶ್ರಾಂತಿ ಗಡಿಯಾರ ನೋಡಿ ಆಗಬೇಕು, ದಣಿದು ಬಚ್ಚಿದಾಗ ಅಲ್ಲ. "ಇನ್ನೂ ಬಚ್ಚಲಿಲ್ಲ, ಮುಂದೆ ಹೋಗುವ" ಅನ್ನುವವರೇ ಮಧ್ಯಾಹ್ನ ಮಲಗುವುದು. 45 ನಿಮಿಷ ಆಯ್ತು, ಕೂರಬೇಕು, ಅಷ್ಟೇ. ಆದರೆ ಕೂತದ್ದು 15 ನಿಮಿಷ ದಾಟಿ ಎಳೆಯುವುದೂ ಬೇಡ, ಗಂಟುಗಳು ಹಿಡಿದುಕೊಳ್ಳುತ್ತವೆ, ಎದ್ದ ಮೇಲಿನ ಹತ್ತು ನಿಮಿಷ ಕುಂಟುತ್ತಾರೆ. ಉದ್ದದ ವಿಶ್ರಾಂತಿ ಮಧ್ಯಾಹ್ನಕ್ಕಿರಲಿ: ಫ್ಯಾನಿನ ಕೆಳಗೆ, ಶೂ ಬಿಚ್ಚಿ, ಕಾಲು ದಿಂಬಿನ ಮೇಲಿಟ್ಟು, ಗಂಜಿ ಉಪ್ಪಿನಕಾಯಿ ಉಂಡು ಮಲಗುವುದು. ಬೆವರಿನಲ್ಲಿ ಹೋದ ಉಪ್ಪು ಬರೀ ನೀರಿನಿಂದ ಬರುವುದಿಲ್ಲ, ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ ಒಳ್ಳೆಯದು. ಎಳನೀರಿನ ಬೊಂಡವೂ ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ತಿನ್ನುವವರು ದಾರಿಯುದ್ದಕ್ಕೂ ಬೊಂಡ ಕುಡಿಯುವ ಮೊದಲು ಡಾಕ್ಟರ ಮಾತು ಕೇಳಬೇಕು. ಬಿಪಿಯವರಿಗೆ ಉಪ್ಪಿನ ವಿಷಯವೂ ಹಾಗೆಯೇ.

ದೊಡ್ಡಮ್ಮನ ಶುಗರಿನ ಬಗ್ಗೆ ಬೇರೆಯಾಗಿ ಹೇಳಬೇಕು. ಉದ್ದ ನಡೆದರೆ ಶುಗರ್ ಇಳಿಯುತ್ತದೆ. ಇದು ಎಲ್ಲರಿಗೂ ಗೊತ್ತು. ನಡೆದ ದಿನದ ರಾತ್ರಿಯೂ, ಮರುದಿನ ಬೆಳಿಗ್ಗೆಯೂ ಇಳಿಯಬಹುದು ಎನ್ನುವುದು ಎಲ್ಲರಿಗೂ ಗೊತ್ತಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮೆಪಿರೈಡ್ ತರದ ಮಾತ್ರೆ ತಿನ್ನುವವರಿಗೆ ಈ ಅಪಾಯ ಜಾಸ್ತಿ, ಬರೀ ಮೆಟ್‌ಫಾರ್ಮಿನ್ ಆದರೆ ಕಡಿಮೆ. ಬೆಳಿಗ್ಗೆ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ಹೊರಡಿಸಬೇಡಿ, ಎರಡು ಇಡ್ಲಿಯಾದರೂ ಹೊಟ್ಟೆಯಲ್ಲಿರಲಿ. ದೇವರ ದರ್ಶನದವರೆಗೆ ಉಪವಾಸ ಎಂಬ ಮಾತನ್ನು ಹೊರಡುವ ಮೊದಲೇ ಮನೆಯಲ್ಲಿ ಕೂತು ಮುಗಿಸಿಕೊಳ್ಳಿ, ರಸ್ತೆಯಲ್ಲಿ ಆ ಚರ್ಚೆ ಆಗದು. ಕೈ ನಡುಕ, ತಣ್ಣನೆ ಬೆವರು, ಕಾರಣ ಇಲ್ಲದ ಸಿಡುಕು, ಕೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ: ಇವು ಕಂಡರೆ ಮೊದಲು ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ಮೀಟರಿನಲ್ಲಿ ಮತ್ತೆ ನೋಡಿ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಶುಗರ್ ಹಳತಾದವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು. ಗುಳ್ಳೆ ಎದ್ದರೂ, ಡಾಮರು ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಬರಿಗಾಲಿನ ಹರಕೆ ಇದ್ದರೂ ಅವರನ್ನು ಬರಿಗಾಲಿನಲ್ಲಿ ನಡೆಸಬೇಡಿ. ಕೇಳದಿದ್ದರೆ ಕೊನೆಯ ಸ್ವಲ್ಪ ದೂರ ಮಾತ್ರ, ಬೆಳಗಿನ ತಂಪಿನಲ್ಲಿ, ಅದೂ ಡಾಕ್ಟರು ಒಪ್ಪಿದರೆ. ಉಳಿದ ದಿನ ಪ್ರತಿ ಎರಡನೇ ನಿಲುಗಡೆಯಲ್ಲಿ ಕಾಲುಚೀಲ ಬಿಚ್ಚಿಸಿ ನೀವೇ ಪಾದದ ಅಡಿ, ಬೆರಳ ಸಂದಿ ನೋಡಿ. ಕೆಂಪಾಗಿ ಬಿಸಿಯಾದ ಜಾಗ ಸಿಕ್ಕರೆ ಅಲ್ಲೇ ಟೇಪ್ ಹಚ್ಚಬೇಕು, ಗುಳ್ಳೆ ಆದ ಮೇಲೆ ಹಚ್ಚಿ ದೊಡ್ಡ ಉಪಯೋಗವಿಲ್ಲ. ಒದ್ದೆ ಕಾಲುಚೀಲ ಬದಲಿಸಿ, ಬೆವರಿದ ಚೀಲವೇ ಗುಳ್ಳೆಯ ಮೂಲ. ನಡೆದ ಹಾಗೆ ಪಾದ ಊದುತ್ತದೆ, ಆದ್ದರಿಂದ ಶೂ ಕೊಳ್ಳುವುದು ಸಂಜೆ ಹೊತ್ತು, ಸ್ವಲ್ಪ ಸಡಿಲದ್ದು, ಮತ್ತು ತಿಂಗಳ ಮೊದಲು.

ದಿನದ ಯೋಜನೆ ಕೈಮೀರುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ? ಹಿರಿಯರನ್ನು ಕೇಳಿದರೆ ಗೊತ್ತಾಗುವುದಿಲ್ಲ. "ಹೇಗುಂಟು?" ಅಂದರೆ "ಅಡ್ಡಿಲ್ಲ" ಅಂತಲೇ ಉತ್ತರ ಬರುವುದು, ತಮ್ಮಿಂದ ಇತರರಿಗೆ ತೊಂದರೆ ಆಗಬಾರದು ಅಂತ. ಹೆದ್ದಾರಿಯ ಕಿಲೋಮೀಟರ್ ಕಲ್ಲನ್ನು ಕೇಳಿ. ಗಂಟೆಗೆ 3 ಅಂದರೆ ಕಲ್ಲಿನಿಂದ ಕಲ್ಲಿಗೆ 20 ನಿಮಿಷ. ಕಲ್ಲು ಕಾಣದ ಕಡೆ ಫೋನಿನ ಮ್ಯಾಪ್ ಸಾಕು. ಏರು ಇಲ್ಲದ ಜಾಗದಲ್ಲೂ ಅದು 25 ನಿಮಿಷ ಆಗುತ್ತಿದ್ದರೆ, ಮುಂದಿನ ನಿಲುಗಡೆಯಲ್ಲಿ ಆ ಪಾಳಿ ಮುಗಿಸಿ. ಇನ್ನೊಂದು ಗುರುತು ಮಾತು: ನಡೆಯುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದರೆ ವೇಗ ಜಾಸ್ತಿಯಾಗಿದೆ. ನೋವಿನಿಂದ ಹೆಜ್ಜೆ ಹಾಕುವ ರೀತಿಯೇ ಬದಲಾದರೆ ಆ ದಿನ ಕಾರು, ಯಾಕಂದರೆ ಒಂದು ಕಾಲನ್ನು ಉಳಿಸಲು ಹೋಗಿ ಇನ್ನೊಂದು ಕಾಲೂ ಸೊಂಟವೂ ಹೋಗುತ್ತದೆ. ಎದೆ ಹಿಡಿದುಕೊಂಡರೆ, ಕೂತ ಮೇಲೂ ದಮ್ಮು ಇಳಿಯದಿದ್ದರೆ, ಮೈ ಸುಡುತ್ತಾ ಮಾತು ತೊದಲಿದರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಅದು ವಿಶ್ರಾಂತಿಯ ವಿಷಯ ಅಲ್ಲ, ಆಸ್ಪತ್ರೆಯ ವಿಷಯ.

ಕೊನೆಯ ದಿನದ ಲೆಕ್ಕದಲ್ಲಿ ಕ್ಯೂ ಸೇರಿಸಲು ಎಲ್ಲರೂ ಮರೆಯುತ್ತಾರೆ. ಉಜಿರೆಯಿಂದ ಐದಕ್ಕೆ ಹೊರಟರೆ ಏಳೂವರೆ ಎಂಟಕ್ಕೆ ನೇತ್ರಾವತಿ ಸ್ನಾನಘಟ್ಟ, ಅಲ್ಲಿಂದ ದೇವಸ್ಥಾನಕ್ಕೆ ಇನ್ನು ಮೂರು ಕಿಲೋಮೀಟರ್ ಹತ್ತಿರ. ಸ್ನಾನಕ್ಕೆ ಇಳಿಯುವವರ ಕೈ ಹಿಡಿದಿರಿ, ದಣಿದ ಕಾಲಿಗೆ ಜಾರುವ ಕಲ್ಲು ಒಳ್ಳೆಯದಲ್ಲ. ಆಮೇಲೆ ದರ್ಶನದ ಸಾಲು. ಗಂಟೆಗಟ್ಟಲೆ ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ, ನಿಂತಲ್ಲೇ ನಿಂತರೆ ರಕ್ತ ಕಾಲಿಗೆ ಇಳಿದು ಬಿಪಿ ಮಾತ್ರೆಯವರಿಗೆ ಕಣ್ಣು ಕತ್ತಲೆ ಬರಬಹುದು. ಜನ ಜಾಸ್ತಿ ಇದ್ದರೆ ಬೆಳಿಗ್ಗೆ ತಲುಪಿ, ರೂಮಿನಲ್ಲಿ ಮಲಗಿ, ಊಟ ಮಾಡಿ, ದರ್ಶನವನ್ನು ಸಂಜೆಗೋ ಮರುದಿನಕ್ಕೋ ಇಡಿ. ಸಾಲಿನಲ್ಲಿ ನಿಂತಾಗ ಹಿಮ್ಮಡಿ ಎತ್ತಿ ಇಳಿಸುತ್ತಾ ಇರಲು ಹೇಳಿ, ಪೊಟ್ಟಣದಲ್ಲಿ ಸಕ್ಕರೆಯೂ ಜತೆಗಿರಲಿ.

ವಾಪಸ್ ಕಾರಿನಲ್ಲಿ ಎರಡು ಗಂಟೆ ಕೂರುವಾಗ ಬಿ.ಸಿ.ರೋಡ್ ಹತ್ತಿರ ಒಮ್ಮೆ ಇಳಿಸಿ ಐದು ನಿಮಿಷ ಓಡಾಡಿಸಿ. ನಡಿಗೆಗೆ ಅಂತ ಡಾಕ್ಟರು ಶುಗರ್ ಅಥವಾ ಬಿಪಿ ಮಾತ್ರೆ ಕಡಿಮೆ ಮಾಡಿದ್ದರೆ, ಯಾವ ದಿನದಿಂದ ಹಳೆಯ ಪ್ರಮಾಣಕ್ಕೆ ಬರಬೇಕು ಎನ್ನುವುದನ್ನೂ ಅದೇ ಚೀಟಿಯಲ್ಲಿ ಮೊದಲೇ ಬರೆಸಿಕೊಂಡಿರಿ.